ಆ ಐದು ರೂಪಾಯಿ ಯಾರ ಜೇಬಿಂದು?

ಈ ಸಲ ಬೆಳೆ ವಿಚಾರ ಬರೀತಾ ಇಲ್ಲ. ರಾಗಿ ಕಟಾವು ಮುಗಿದು ಎಲ್ಲರ ಕೈಲಿ ನಾಲ್ಕು ಕಾಸು ಆಡೋ ಈ ಹೊತ್ತಲ್ಲೇ ಊರೊಳಗೆ ಓಡಾಡೋ ಇನ್ನೊಂದು ವಿಚಾರ ಇದೆ. ಮನೇಲಿ ಕೂತು ಮೊಬೈಲಲ್ಲಿ ಜಾಹೀರಾತು ನೋಡಿ, ದಿನಕ್ಕೆ ಇಷ್ಟು ದುಡಿಯಿರಿ ಅನ್ನೋದು. ಇದು ಕೆಲಸ ಅಲ್ಲ, ಹೆಸರು ಬದಲಾಯಿಸಿಕೊಂಡು ಬಂದಿರೋ ಹಳೇ ಚೈನ್ ಸ್ಕೀಮು ಅಂತ ನನ್ನ ಅಭಿಪ್ರಾಯ. ಸುಮ್ಮನೆ ಬೈದರೆ ಯಾರೂ ಕೇಳೋದಿಲ್ಲ, ಅದಕ್ಕೆ ಲೆಕ್ಕ ಹಾಕಿ ತೋರಿಸ್ತೀನಿ.

ಮೊನ್ನೆ ನಮ್ಮ ಬೀದಿಯ ಹುಡುಗ ಒಬ್ಬ ಬಂದಿದ್ದ. ಡಿಗ್ರಿ ಮುಗಿಸಿ ಎರಡು ವರ್ಷ ಆಯ್ತು. "ದೊಡ್ಡಪ್ಪ, ಒಂದು ಆನ್‌ಲೈನ್ ಕೆಲಸ ಇದೆ. ಒಂಬತ್ತು ಸಾವಿರ ಕಟ್ಟಿ ಐಡಿ ತಗೊಂಡ್ರೆ ದಿನಾ ಇಪ್ಪತ್ತು ಜಾಹೀರಾತು ಬರುತ್ತೆ. ಒಂದು ನೋಡಿದ್ರೆ ಐದು ರೂಪಾಯಿ. ಮೂರು ತಿಂಗಳಿಗೆ ಹಾಕಿದ ದುಡ್ಡು ವಾಪಸ್ಸು, ಆಮೇಲೆ ಬರೋದೆಲ್ಲಾ ಲಾಭ" ಅಂದ. ಜೊತೆಗೆ ಇನ್ನೊಂದು ಮಾತು ಸೇರಿಸಿದ. ತನ್ನ ಕೆಳಗೆ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ಸೇರಿದರೆ ಆ ಜೋಡಿಗೆ ಒಂದು ಸಾವಿರ ಕಮಿಷನ್ನು. ಅವರ ಕೆಳಗಿನೋರು ಸೇರಿದರೂ ಮೇಲಿನೋನಿಗೆ ಪಾಲು. ಅದಕ್ಕೆ ಮನೇಲಿರೋ ಕಡಸು ಮಾರೋಣ ಅಂತ ಅಪ್ಪನ್ನ ಪೀಡಿಸ್ತಾ ಇದ್ದಾನೆ. ಅವನ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಇನ್ನೊಂದು ಐಡಿ ಹಾಕಿಸೋಕೆ ಆಗಲೇ ಒಪ್ಪಿದ್ದಾಳೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಗ, ಆ ಐದು ರೂಪಾಯಿ ಯಾರ ಜೇಬಿಂದ ಬರುತ್ತೆ?"

"ಕಂಪನಿ ಕೊಡುತ್ತೆ ದೊಡ್ಡಪ್ಪ."

"ಕಂಪನಿಗೆ ಯಾರು ಕೊಡ್ತಾರೆ?"

"ಜಾಹೀರಾತು ಕೊಟ್ಟೋರು."

"ಯಾರದು ಜಾಹೀರಾತು?"

ಫೋನ್ ತೆಗೆದು ತೋರಿಸಿದ. ಯಾವುದೋ ಕಾರಿಂದು, ಯಾವುದೋ ಸೋಪಿಂದು, ಯೂಟ್ಯೂಬಲ್ಲಿ ಎಲ್ಲರಿಗೂ ಪುಕ್ಕಟೆ ಸಿಗೋ ವಿಡಿಯೋಗಳು. ಸೋಪಿನೋನು ಟಿವಿಗೆ, ಪೇಪರಿಗೆ, ಯೂಟ್ಯೂಬಿಗೆ ದುಡ್ಡು ಕೊಡ್ತಾನೆ ಸರಿ. ಆದರೆ ಸೋಪು ಕೊಳ್ಳೋ ಮನಸ್ಸೇ ಇಲ್ಲದೆ, ದುಡ್ಡಿಗೋಸ್ಕರ ಕಣ್ಣು ಬಿಟ್ಟು ಕೂತಿರೋ ನಮ್ಮ ಹುಡುಗನಿಗೆ ಒಂದು ಸಲ ನೋಡಿದ್ದಕ್ಕೆ ಐದು ರೂಪಾಯಿ ಯಾಕೆ ಕೊಡ್ತಾನೆ? ಹತ್ತು ರೂಪಾಯಿ ಸೋಪನ್ನ ಪುಕ್ಕಟೆ ಹಂಚಿದರೇ ಅವನಿಗೆ ಹೆಚ್ಚು ಗಿರಾಕಿ ಸಿಗ್ತಾರೆ.

ಹಾಗಾದ್ರೆ ದುಡ್ಡು ಎಲ್ಲಿಂದು? ನೂರು ಜನ ಸೇರಿದ್ರು ಅಂತ ಇಟ್ಕೊಳ್ಳಿ. ತಲೆಗೆ 9,000 ಅಂದ್ರೆ ಒಟ್ಟು 9 ಲಕ್ಷ ಕೂಡ್ತು. ಒಬ್ಬನಿಗೆ ದಿನಕ್ಕೆ 100 ರೂಪಾಯಿ, ತಿಂಗಳಿಗೆ 3,000. ನೂರು ಜನಕ್ಕೆ ತಿಂಗಳಿಗೆ 3 ಲಕ್ಷ. ಮೂರು ತಿಂಗಳಿಗೆ 9 ಲಕ್ಷ ಪೂರಾ ಖಾಲಿ. ಜೋಡಿ ಕಮಿಷನ್ನು, ಮೇಲಿನೋರ ಪಾಲು, ಹೋಟೆಲಲ್ಲಿ ಮಾಡೋ ಮೀಟಿಂಗು, ಕಂಪನಿಯೋನ ಲಾಭ ಯಾವುದನ್ನೂ ನಾನು ಇನ್ನೂ ಸೇರಿಸಿಲ್ಲ. ನಾಲ್ಕನೇ ತಿಂಗಳು ಆ ನೂರು ಜನಕ್ಕೆ 3 ಲಕ್ಷ ಕೊಡಬೇಕು ಅಂದ್ರೆ 34 ಜನ ಹೊಸಬರು ಬರಲೇಬೇಕು. ಆ 34 ಜನಕ್ಕೂ ತಿಂಗಳಾ ಕೊಡಬೇಕು, ಅದಕ್ಕೆ ಇನ್ನಷ್ಟು ಹೊಸಬರು ಬೇಕು. ಬಾವೀಲಿ ಊಟೆ ಇಲ್ಲ, ಪಕ್ಕದ ಬಾವಿಯಿಂದ ಬಿಂದಿಗೇಲಿ ತಂದು ಸುರಿದು ಅದನ್ನೇ ಪಂಪಲ್ಲಿ ಎತ್ತಿದ ಹಾಗೆ.

ಇದು ನಮ್ಮೂರಲ್ಲಿ ಹುಟ್ಟಿದ್ದಲ್ಲ. 2017ರ ಫೆಬ್ರವರಿಯಲ್ಲಿ ನೋಯ್ಡಾದ 'ಸೋಶಿಯಲ್ ಟ್ರೇಡ್' ಅನ್ನೋದನ್ನ ಉತ್ತರ ಪ್ರದೇಶದ ಪೊಲೀಸರು ಹಿಡಿದರು. ಅಲ್ಲೂ ಒಂದು ಲೈಕ್ ಒತ್ತಿದ್ರೆ ಐದು ರೂಪಾಯಿ. ಸೇರೋಕೆ 5,750 ರೂಪಾಯಿಂದ 57,500 ರೂಪಾಯಿವರೆಗೆ ಕಟ್ಟಬೇಕಿತ್ತು. ಸುಮಾರು 3,700 ಕೋಟಿ ರೂಪಾಯಿ, ಆರು ಲಕ್ಷಕ್ಕೂ ಹೆಚ್ಚು ಜನ ಅಂತ ಆಗ ಪೊಲೀಸರು ಹೇಳಿದ್ದರು. ಹೊಸಬರು ಕಟ್ಟಿದ ದುಡ್ಡನ್ನೇ ಹಳಬರಿಗೆ ಲೈಕಿನ ಕೂಲಿ ಅಂತ ಕೊಡ್ತಿದ್ದರು ಅನ್ನೋದೇ ಆರೋಪ. ಸೇರಿದೋರಲ್ಲಿ ಓದಿದೋರಿಗೇನೂ ಕಮ್ಮಿ ಇರಲಿಲ್ಲ.

ಈಗ ಜೋಡಿ ಲೆಕ್ಕಕ್ಕೆ ಬನ್ನಿ. ಬೋರ್ಡ್ ಮೇಲೆ ಒಂದು, ಎರಡು, ನಾಲ್ಕು, ಎಂಟು ಅಂತ ಬರೆದು ತೋರಿಸುವಾಗ ಮೇಲೆ ಕೂತಿರೋ ಒಬ್ಬನನ್ನೇ ನೋಡಿ ಅಂತಾರೆ. ನೀವು ಕೆಳಗಿನ ಸಾಲು ನೋಡಿ. ಒಬ್ಬನಿಂದ ಶುರುವಾಗಿ ಹತ್ತು ಸಲ ದುಪ್ಪಟ್ಟಾದರೆ ಕೊನೇ ಸಾಲಲ್ಲಿ 1,024 ಜನ. ಅವರ ಮೇಲಿರೋ ಎಲ್ಲಾ ಸಾಲು ಕೂಡಿದರೂ 1,023. ಅಂದ್ರೆ ಸ್ಕೀಮು ಯಾವತ್ತು ನಿಂತರೂ ಅರ್ಧಕ್ಕಿಂತ ಹೆಚ್ಚು ಜನರ ಕೆಳಗೆ ಒಬ್ಬನೂ ಇರೋದಿಲ್ಲ. ಅವರ ಮೇಲಿನ ಸಾಲಲ್ಲಿ 512 ಜನ, ಅವರಿಗೆ ತಲಾ ಒಂದೇ ಜೋಡಿ. ಒಂಬತ್ತು ಸಾವಿರ ಕಟ್ಟಿ ಒಂದು ಸಾವಿರ ಕಮಿಷನ್ ತಗೊಂಡೋರು ಇವರು. ಈ ಎರಡು ಸಾಲೇ ಸೇರಿ 1,536 ಜನ, ಒಟ್ಟು 2,047ರಲ್ಲಿ ನಾಲ್ಕಕ್ಕೆ ಮೂರು ಪಾಲು. ಕೊನೆಗೆ ಸೇರಿದೋರು ಇವರೇ ಆದ್ದರಿಂದ ಜಾಹೀರಾತು ನೋಡಿ ಗಳಿಸೋಕೂ ಇವರಿಗೆ ಹೆಚ್ಚು ದಿನ ಸಿಕ್ಕಿರೋದಿಲ್ಲ.

ಕೆಲವರು, ಮುಳುಗಿದೋರು ಸೋಮಾರಿಗಳು, ಕಷ್ಟಪಟ್ಟು ಜನ ಸೇರಿಸಲಿಲ್ಲ ಅಂತಾರೆ. ಇನ್ನೆರಡು ಸಾಲು ಇಳಿದರೆ ಒಟ್ಟು 8,191 ಜನ ಬೇಕು. ನಮ್ಮ ಪಂಚಾಯ್ತಿಯ ಏಳು ಹಳ್ಳಿಯ ತೊಟ್ಟಿಲ ಕೂಸನ್ನೂ ಸೇರಿಸಿ ಎಣಿಸಿದರೂ ಅಷ್ಟಿಲ್ಲ. ಸೋಮಾರಿತನದ ಮಾತೇ ಅಲ್ಲ ಇದು, ಜನವೇ ಮುಗಿದುಹೋಗ್ತಾರೆ.

"ಪಕ್ಕದೂರಿನ ಅಣ್ಣನಿಗೆ ದುಡ್ಡು ಬಂದಿದೆ, ಬ್ಯಾಂಕ್ ಮೆಸೇಜೇ ತೋರಿಸಿದ" ಅಂತ ಹುಡುಗ ಅಂದ. ಬಂದಿರಬಹುದು, ನಾನು ಇಲ್ಲ ಅನ್ನೋದಿಲ್ಲ. ಮೊದಲು ಸೇರಿದೋರಿಗೆ ದುಡ್ಡು ಕೊಡಲೇಬೇಕು, ಅವರೇ ಸ್ಕೀಮಿನ ಸಾಕ್ಷಿ. ಆ ಮೆಸೇಜು ತೋರಿಸೋದು ದುಡ್ಡು ಬಂತು ಅನ್ನೋದನ್ನ ಮಾತ್ರ, ಎಲ್ಲಿಂದ ಬಂತು ಅನ್ನೋದನ್ನಲ್ಲ. ಇನ್ನು ಹೆಚ್ಚಿನೋರು ತೋರಿಸೋದು ಆಪ್ ಒಳಗಿನ ವ್ಯಾಲೆಟ್ಟು. ಅಲ್ಲಿ ಕಾಣೋದು ಪರದೆ ಮೇಲಿನ ಅಂಕಿ ಅಷ್ಟೇ. ಅದು ಬ್ಯಾಂಕಿಗೆ ಬಂದು, ನಾವು ಎಣಿಸಿಕೊಂಡ ಮೇಲೇ ದುಡ್ಡು. ಕುಸಿಯೋ ಮುಂಚೆ ಅಲ್ಲೇ ಸುಳಿವು ಸಿಗುತ್ತೆ. ಮೊದಲು ವಾರಕ್ಕೊಮ್ಮೆ ತೆಗೀಬಹುದಿತ್ತು, ಆಮೇಲೆ ತಿಂಗಳಿಗೊಮ್ಮೆ ಅಂತಾರೆ. ಆಮೇಲೆ ಸರ್ವರ್ ಅಪ್‌ಡೇಟ್ ಅಂತಾರೆ. ಕೊನೆಗೆ ನಿಮ್ಮ ದುಡ್ಡು ನಿಮಗೆ ಕೊಡೋಕೆ ಮೊದಲು ನೀವೇ ಟ್ಯಾಕ್ಸ್ ಕಟ್ಟಿ ಅಂತಾರೆ. ಆ ಹಂತದಲ್ಲಿ ಒಂದು ರೂಪಾಯಿನೂ ಕಟ್ಟಬೇಡಿ.

ಒಬ್ಬರು ನನಗೆ ಎದುರು ಪ್ರಶ್ನೆ ಹಾಕಿದರು. ಡೈರಿಗೆ ಸೇರುವಾಗಲೂ ಷೇರು ದುಡ್ಡು ಕಟ್ಟಿಸಿಕೊಳ್ತಾರಲ್ಲ, ಅದೇನು ಅಂತ. ಒಳ್ಳೇ ಪ್ರಶ್ನೆ. ಷೇರು ನನ್ನ ಹೆಸರಲ್ಲೇ ಇರುತ್ತೆ. ನನಗೆ ಬರೋ ಬಟವಾಡೆ ಫ್ಯಾಟು, ಎಸ್‌ಎನ್‌ಎಫ್ ನೋಡಿ, ಹಾಕಿದ ಲೀಟರ್ ಲೆಕ್ಕದಲ್ಲಿ. ಆ ದುಡ್ಡು ಪೇಟೇಲಿ ಪ್ಯಾಕೆಟ್ ಹಾಲು ಕುಡಿಯೋನು ಕೊಟ್ಟಿದ್ದು. ಅವನು ಡೈರಿ ಸದಸ್ಯ ಅಲ್ಲ, ಯಾರನ್ನೂ ಸೇರಿಸಬೇಕಾಗಿಲ್ಲ, ಅವನಿಗೆ ಬೇಕಾಗಿದ್ದು ಹಾಲು ಮಾತ್ರ. ನಾಳೆಯಿಂದ ಡೈರಿಗೆ ಒಬ್ಬ ಹೊಸ ಸದಸ್ಯನೂ ಸೇರದಿದ್ದರೂ ನನ್ನ ಬಟವಾಡೆ ನಿಲ್ಲೋದಿಲ್ಲ. ಇದೇ ಅಳತೆಗೋಲು. ಯಾರಾದರೂ ಸ್ಕೀಮು ತಂದರೆ ಕೇಳಿ: "ನಾಳೆಯಿಂದ ಹೊಸಬರು ಯಾರೂ ಸೇರಲ್ಲ ಅಂದ್ಕೊಳ್ಳಿ, ನನ್ನ ದುಡ್ಡು ಬರುತ್ತಾ?" ಉತ್ತರ ನೆಟ್ಟಗೆ ಬರದಿದ್ದರೆ ಎದ್ದು ಬನ್ನಿ.

ಇದಕ್ಕೆ ಹುಷಾರಾದೋರು ಈಗ ಜಾಹೀರಾತು ಬಿಟ್ಟು ಡಿಜಿಟಲ್ ಮಾರ್ಕೆಟಿಂಗ್ ಕೋರ್ಸು ಅಂತಲೋ, ಆರೋಗ್ಯದ ಪುಡಿ ಅಂತಲೋ ಸಾಮಾನು ಇಟ್ಕೊಂಡಿದ್ದಾರೆ. ಮನೆಮನೆಗೆ ಸಾಮಾನು ಮಾರೋದೆಲ್ಲಾ ಮೋಸ ಅಂತ ನಾನು ಹೇಳೋದಿಲ್ಲ. ಸೇರಿಸೋ ಗೋಜೇ ಇಲ್ಲದಿದ್ದರೂ ಆ ಬೆಲೆಗೆ ಆ ಸಾಮಾನನ್ನ ಹೊರಗಿನೋನು ಕೊಳ್ತಾನಾ ಅಂತ ನೋಡಿ. ಒಂಬತ್ತು ಸಾವಿರದ ಕೋರ್ಸಲ್ಲಿ ಕಲಿಸೋದು ಇನ್ನೊಬ್ಬನಿಗೆ ಅದೇ ಕೋರ್ಸು ಮಾರೋದು ಹೇಗೆ ಅಂತ ಆದರೆ, ಅದು ಸಾಮಾನಲ್ಲ, ಸೇರೋ ಫೀಸಿಗೆ ಹೊದಿಸಿದ ಬಟ್ಟೆ.

ಊರಿನೋರು ಮುಖ್ಯವಾಗಿ ತಿಳೀಬೇಕಾದ್ದು ಇನ್ನೊಂದಿದೆ. 1978ರಿಂದಲೇ ಇಂಥ ಹಣ ಚಲಾವಣೆ ಸ್ಕೀಮುಗಳನ್ನ ನಿಷೇಧಿಸಿದ ಕೇಂದ್ರದ ಕಾನೂನಿದೆ. ಅದರಲ್ಲಿ ಸ್ಕೀಮು ನಡೆಸೋನು ಮಾತ್ರ ತಪ್ಪಿತಸ್ಥ ಅಂತಿಲ್ಲ, ಸೇರೋದು, ಅದರ ಲೆಕ್ಕದಲ್ಲಿ ದುಡ್ಡು ಪಡೆಯೋದೂ ತಪ್ಪೇ. ಮೂರು ವರ್ಷದವರೆಗೂ ಜೈಲು ಶಿಕ್ಷೆ ಇದೆ. 2021ರ ನೇರ ಮಾರಾಟದ ನಿಯಮಗಳೂ ಪಿರಮಿಡ್ ಸ್ಕೀಮಿಗೆ ಜನ ಸೇರಿಸಬಾರದು ಅಂತ ಹೇಳ್ತವೆ. ಕಂಪನಿಯೋನು ಯಾವ ಊರೋ ಯಾವ ದೇಶವೋ, ಫೋನ್ ಸ್ವಿಚ್ ಆಫ್ ಮಾಡಿ ಹೋಗ್ತಾನೆ. ಸೋದರಮಾವನಿಂದ, ಚಿಕ್ಕಮ್ಮನಿಂದ, ಸಂಘದ ಹೆಂಗಸರಿಂದ ದುಡ್ಡು ಕಟ್ಟಿಸಿದ ಹುಡುಗ ಮಾತ್ರ ಇದೇ ಬೀದೀಲಿ ಇರಬೇಕು. ದೂರು ಬಂದರೆ ಅದರಲ್ಲಿ ಬರೆಯೋದೂ ಅವನ ಹೆಸರೇ. ಸಂಘದ ಸಾಲದ ವಾರದ ಕಂತು ಆಪ್ ನಿಂತಿತು ಅಂತ ನಿಲ್ಲೋದಿಲ್ಲ, ಗುಂಪಿನ ಉಳಿದೋರ ತಲೆ ಮೇಲೆ ಬರುತ್ತೆ.

ಈಗಾಗಲೇ ಕಟ್ಟಿದ್ದರೆ ಮೊದಲು ಇನ್ನೊಬ್ಬರನ್ನ ಸೇರಿಸೋದು ನಿಲ್ಲಿಸಿ. "ನನ್ನದಾದರೂ ವಾಪಸ್ಸು ಬರಲಿ" ಅಂತ ಇಬ್ಬರನ್ನ ಸೇರಿಸೋದೇ ಈ ರೋಗ ಹರಡೋ ದಾರಿ. ದುಡ್ಡು ಕಳಿಸಿದ ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ, ಸೇರಿಸಿದೋರ ನಂಬರು, ಆಪ್‌ನ ಫೋಟೋ ಎಲ್ಲಾ ತೆಗೆದಿಟ್ಟುಕೊಳ್ಳಿ, ಆಮೇಲೆ ಸಿಗದೇ ಹೋಗಬಹುದು. ಆಮೇಲೆ 1930ಕ್ಕೆ ಫೋನ್ ಮಾಡಿ, ಇಲ್ಲಾ cybercrime.gov.in ನಲ್ಲಿ ದೂರು ಹಾಕಿ. ಎಷ್ಟು ಬೇಗ ಹೇಳ್ತೀರೋ ಅಷ್ಟು, ದುಡ್ಡು ಇನ್ನೊಂದು ಖಾತೆಗೆ ದಾಟೋ ಮುಂಚೆ ತಡೆಯೋ ಅವಕಾಶ ಇರುತ್ತೆ.

ನಿಮ್ಮೂರಲ್ಲಿ ಈಗ ಯಾವ ಹೆಸರಲ್ಲಿ ಓಡಾಡ್ತಿದೆ, ಎಷ್ಟು ಕಟ್ಟಿಸ್ತಿದ್ದಾರೆ, ಕೆಳಗೆ ಬರೀರಿ. ವ್ಯಕ್ತಿಗಳ ಹೆಸರು ಬೇಡ, ಪ್ಲಾನ್ ಬರೆದರೆ ಸಾಕು. ಕೂತು ಒಟ್ಟಿಗೆ ಲೆಕ್ಕ ಹಾಕೋಣ.