ತುಂಡು ಕೆಲಸಗಳ ಬಯೋಡೇಟಾವನ್ನು ಪಕ್ಕಕ್ಕೆ ಎಸೆಯಬೇಡಿ, ಓದಿ!

ಗೋಪಿನಾಥಂ, ಮಲೆ ಮಹದೇಶ್ವರ ಬೆಟ್ಟ, ಹನೂರು, ಕೊಳ್ಳೇಗಾಲದ ಕಡೆ ಕಾಡಿನ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ಸಂಶೋಧನಾ ತಂಡದವರೇ, ಹೋಂಸ್ಟೇ ನಡೆಸುವವರೇ, ಹೊರಗುತ್ತಿಗೆ ಏಜೆನ್ಸಿಯವರೇ,

ನಮ್ಮ ಹುಡುಗರ ಬಯೋಡೇಟಾ ಕೈಗೆ ಬಂದ ಕೂಡಲೇ ನೀವು ನೋಡುವುದು ತಾರೀಖುಗಳನ್ನು. ನಾಲ್ಕು ತಿಂಗಳು ಒಂದು ಕಡೆ, ಎರಡು ತಿಂಗಳು ಇನ್ನೊಂದು ಕಡೆ, ಮತ್ತೆ ಮೂರು ತಿಂಗಳು ಬೇರೆಲ್ಲೋ. "ಇವನು ಎಲ್ಲೂ ನಿಲ್ಲುವ ಆಸಾಮಿ ಅಲ್ಲ" ಎಂದು ಕಾಗದ ಮಡಚಿಡುತ್ತೀರಿ. ಒಂದೇ ಕಡೆ ಐದು ವರ್ಷ ಕೂತವನನ್ನು ಕರೆಯುತ್ತೀರಿ. ಹಾಗೆ ಮಡಚಿಡುವ ಮುನ್ನ ಈ ಕರಪತ್ರವನ್ನು ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇವೆ.

ಕಾವೇರಿ ವನ್ಯಜೀವಿ ಧಾಮದ ಅಂಚಿನ ನಮ್ಮ ಊರಿನಲ್ಲಿ ಕೆಲಸವೇ ತುಂಡು ತುಂಡಾಗಿ ಬರುತ್ತದೆ. ಫೈರ್ ವಾಚರ್ ಬೇಕಾಗುವುದು ಬೇಸಿಗೆಗೆ. ಮಳೆ ಹಿಡಿದ ಮೇಲೆ ಆ ಕೆಲಸ ಇರುವುದಿಲ್ಲ. ದೇಶವ್ಯಾಪಿ ಹುಲಿ ಗಣತಿ ನಾಲ್ಕು ವರ್ಷಕ್ಕೊಮ್ಮೆ. 2018ರಲ್ಲಿ ಆಯಿತು, 2022ರಲ್ಲಿ ಆಯಿತು. ಕ್ಯಾಮೆರಾ ಟ್ರ್ಯಾಪ್ ಸರ್ವೆ ಎಂದರೆ ಕ್ಯಾಮೆರಾ ಬಿಚ್ಚಿ ತಂದ ದಿನ ಮುಗಿಯುತ್ತದೆ. ಹೊಗೆನಕಲ್ಲಿನಲ್ಲಿ ನೀರು ಏರಿದರೆ ತೆಪ್ಪ ಇಳಿಸುವ ಹಾಗಿಲ್ಲ. ಹೀಗಿರುವಾಗ ಕೆಲಸ ತಾನೇ ಮುಗಿದಿದ್ದಕ್ಕೂ ಆಳು ಬಿಟ್ಟು ಹೋಗಿದ್ದಕ್ಕೂ ವ್ಯತ್ಯಾಸ ತಿಳಿಯದೆ ಬಯೋಡೇಟಾ ಓದಿದರೆ ತಪ್ಪು ತೀರ್ಮಾನವೇ ಬರುತ್ತದೆ.

ಒಂದು ಮಾದರಿ ಇಟ್ಟುಕೊಳ್ಳೋಣ. ನಿಮಗೆ ಐದು ತಿಂಗಳ ಚಿರತೆ ಸರ್ವೆಗೆ ನಾಲ್ಕು ಜನರ ಗುಂಪು ನಡೆಸುವವನು ಬೇಕು. ಬಂದ ಅರ್ಜಿಯಲ್ಲಿ ಹೀಗಿದೆ: 2019, 2020, 2021 ಮೂರು ಬೇಸಿಗೆಯಲ್ಲೂ ಒಂದೇ ರೇಂಜಿನಲ್ಲಿ ಫೆಬ್ರವರಿಯಿಂದ ಮೇವರೆಗೆ ಫೈರ್ ವಾಚರ್. 2021ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮನೆ ಮನೆ ಸಮೀಕ್ಷೆ. 2022ರ ಹುಲಿ ಗಣತಿಯಲ್ಲಿ ಸಹಾಯಕ. 2022ರ ನವೆಂಬರ್‌ನಿಂದ 2023ರ ಫೆಬ್ರವರಿವರೆಗೆ ಕ್ಯಾಮೆರಾ ಟ್ರ್ಯಾಪ್ ಕೆಲಸ. 2023ರ ಜೂನ್‌ನಲ್ಲಿ ಒಂದು ಹೋಂಸ್ಟೇಯಲ್ಲಿ ಹದಿನೈದು ದಿನ. 2023ರ ನವೆಂಬರ್‌ನಿಂದ 2024ರ ಮಾರ್ಚ್‌ವರೆಗೆ ಮೊದಲಿನ ಅದೇ ತಂಡದ ಕ್ಯಾಮೆರಾ ಕೆಲಸ. 2024ರ ಫೆಬ್ರವರಿಯಿಂದ ಮೇವರೆಗೆ ಮತ್ತೆ ಫೈರ್ ವಾಚರ್.

ಮೊದಲು ನೋಡಬೇಕಾದದ್ದು ತಿಂಗಳುಗಳ ಲೆಕ್ಕವನ್ನಲ್ಲ, ಯಾರು ಮತ್ತೆ ಕರೆದರು ಎಂಬುದನ್ನು. ಒಂದೇ ರೇಂಜಿನವರು ಮೂರು ಬೇಸಿಗೆ ಕರೆದಿದ್ದಾರೆ. ಒಂದೇ ಸಂಶೋಧನಾ ತಂಡ ಎರಡು ಸಲ ಕರೆದಿದೆ. ಗುತ್ತಿಗೆ ಕೆಲಸಗಾರನನ್ನು ಉಳಿಸಿಕೊಳ್ಳಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಬೇಡವೆನಿಸಿದರೆ ಮುಂದಿನ ವರ್ಷ ಫೋನ್ ಮಾಡದೆ ಸುಮ್ಮನಿದ್ದರೆ ಸಾಕು. ಹಾಗಿದ್ದೂ ಮತ್ತೆ ಫೋನ್ ಬಂದಿದೆ ಎಂದರೆ, ಕಾಯಂ ಕೆಲಸದಲ್ಲಿ ಐದು ವರ್ಷ ಹೆಸರಿದ್ದವನ ಬಗ್ಗೆ ಗೊತ್ತಾಗುವುದಕ್ಕಿಂತ ಹೆಚ್ಚು ಇವನ ಬಗ್ಗೆ ಗೊತ್ತಾಯಿತು ಎಂದೇ ನಾವು ಹೇಳುತ್ತೇವೆ. ಎರಡನೇ ಸಲ ಕರೆದಾಗ ಕೆಲಸ ಬದಲಾಯಿತೇ ಎಂದೂ ಕೇಳಿ. ಮೊದಲ ವರ್ಷ ಕ್ಯಾಮೆರಾ ಹೊತ್ತವನ ಕೈಗೆ ಮರುವರ್ಷ ಜಿಪಿಎಸ್ ಮತ್ತು ದಾಖಲೆ ಪುಸ್ತಕ ಕೊಟ್ಟಿದ್ದರೆ, ಅವನು ಗುಂಪು ನಡೆಸುವ ಹಾದಿಯಲ್ಲಿದ್ದಾನೆ.

ಆಮೇಲೆ ಎರಡು ಕಡೆ ಬೆರಳಿಡಿ. 2024ರ ಫೆಬ್ರವರಿ, ಮಾರ್ಚ್ ಎರಡು ಸಾಲಿನಲ್ಲೂ ಇದೆ. ಸುಳ್ಳಿರಬಹುದು; ನೇಮಕದ ಆದೇಶದ ತಾರೀಖನ್ನೇ ಬರೆದು ನಿಜಕ್ಕೂ ಏಪ್ರಿಲ್‌ನಲ್ಲಿ ಸೇರಿರಲೂಬಹುದು. ಅವನನ್ನೇ ಕೇಳಿ, ಆಮೇಲೆ ಎರಡೂ ಕಡೆಯವರಿಗೆ ಫೋನ್ ಮಾಡಿ. ಏಜೆನ್ಸಿ ಪಿಎಫ್ ಕಟ್ಟಿದ್ದರೆ ಪಿಎಫ್ ಪಾಸ್‌ಬುಕ್‌ನಲ್ಲಿ ಯಾವ ತಿಂಗಳು ಯಾರು ಕಟ್ಟಿದರು ಎಂಬುದು ಇರುತ್ತದೆ. ಪಿಎಫ್ ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್‌ಗೆ ಬಂದ ಕೂಲಿ ನೋಡಿ. ಇನ್ನೊಂದು, ಹೋಂಸ್ಟೇಯ ಆ ಹದಿನೈದು ದಿನ. ಅವಧಿಗೆ ಮೊದಲೇ ನಿಂತ ಕೆಲಸ ಒಂದಿದ್ದರೆ ಕಾರಣ ಕೇಳಿ ಬಿಟ್ಟುಬಿಡಿ. ಮೂರು ನಾಲ್ಕು ಇದ್ದು, ಪ್ರತಿಸಲವೂ ತಪ್ಪು ಬೇರೆಯವರದೇ ಆಗಿದ್ದರೆ ಮಾತ್ರ ಯೋಚಿಸಿ.

ಮಾತಿನಲ್ಲಿ ಗೊತ್ತಾಗದ್ದು ಕೆಲಸದಲ್ಲಿ ಗೊತ್ತಾಗುತ್ತದೆ. ಅರ್ಧ ದಿನ ಕಾಡುದಾರಿಗೆ ಕರೆದೊಯ್ದು ಒಂದು ಜೋಡಿ ಕ್ಯಾಮೆರಾ ಕಟ್ಟಿಸಿ. ಚಿರತೆಯ ಎಡಮೈಯ ಚುಕ್ಕೆ ಬೇರೆ, ಬಲಮೈಯದು ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಬೇಕು. ಬಲ್ಲವನು ಸುಮಾರು ಮೊಣಕಾಲೆತ್ತರಕ್ಕೆ ಕಟ್ಟುತ್ತಾನೆ. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ನೇರ ಎದುರುಬದುರು ಇಡದೆ ಸ್ವಲ್ಪ ಓರೆ ಮಾಡುತ್ತಾನೆ. ಎದುರಿನ ಹುಲ್ಲು, ಎಳೆಕೊಂಬೆ ಸವರುತ್ತಾನೆ, ಇಲ್ಲದಿದ್ದರೆ ಗಾಳಿಗೆ ಅಲುಗಿದ ಹುಲ್ಲಿನ ಚಿತ್ರಗಳಿಂದಲೇ ಕಾರ್ಡ್ ತುಂಬುತ್ತದೆ. ಕೊನೆಗೆ ಕ್ಯಾಮೆರಾದ ತಾರೀಖು, ಗಂಟೆ ನೋಡಿ, ತಾನೇ ಮುಂದೆ ನಡೆದು ಚಿತ್ರ ಬಿತ್ತೇ ಎಂದು ಪರೀಕ್ಷಿಸುತ್ತಾನೆ. ತಾರೀಖು ತಪ್ಪಿದ್ದರೆ ಯಾವ ಪ್ರಾಣಿ ಯಾವ ದಿನ ಎಲ್ಲಿ ಹಾದುಹೋಯಿತು ಎಂಬ ಲೆಕ್ಕವೇ ಕೆಡುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಹೇಳದೆಯೇ ಗಡಿಯಾರ ನೋಡಿದವನು ನಿಜಕ್ಕೂ ಆ ಕೆಲಸ ಮಾಡಿದ್ದಾನೆ. "ತಂಡದಲ್ಲಿದ್ದೆ" ಎಂದು ಬರೆದು ಬರೀ ಚೀಲ ಹೊತ್ತವನು ಇಲ್ಲಿ ತಡವರಿಸುತ್ತಾನೆ.

ತುಂಡು ಕೆಲಸಗಳು ತೋರಿಸದ ಸಂಗತಿಯೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ತಿಂಗಳಿಗೆ ಹೊರಟುಹೋಗುವವನಿಗೆ ತಾನು ಮಾಡಿದ್ದರ ಫಲ ಕಾಣುವುದಿಲ್ಲ. ಈ ವರ್ಷ ಅವಸರದಲ್ಲಿ ಬರೆದ ದಾಖಲೆ ಮುಂದಿನ ವರ್ಷ ಯಾರ ತಲೆ ತಿಂದಿತು ಎಂದು ಅವನಿಗೆ ಗೊತ್ತಿರಲಿಕ್ಕಿಲ್ಲ. ಆದ್ದರಿಂದ "ನೀನು ಕೆಲಸ ಮುಗಿಸಿ ಬಂದ ಮೇಲೆ ನಿನ್ನ ದಾಖಲೆ ಯಾರು ಬಳಸಿದರು, ಏನು ಹೇಳಿದರು?" ಎಂದು ಕೇಳಿ. ಉತ್ತರ ಇದ್ದರೆ ಅವನು ಬೆನ್ನುಹತ್ತಿ ವಿಚಾರಿಸುವವನು. ಐದು ತಿಂಗಳ ಸರ್ವೆಗೆ ಈ ಮಾದರಿಯ ಹುಡುಗ ಸರಿಯಾದ ಆಯ್ಕೆ. ವರ್ಷಗಟ್ಟಲೆ ಅದೇ ಜನರೊಂದಿಗೆ ಹೊಂದಿಕೊಂಡು ಶಿಬಿರದ ಉಸ್ತುವಾರಿ ನೋಡುವ ಹುದ್ದೆಗಾದರೆ ಈ ಕಾಗದ ಒಂದೇ ಸಾಲದು. ಮೂರು ತಿಂಗಳು ಕೆಲಸ ಕೊಟ್ಟು ನೋಡಿ ನಿರ್ಧರಿಸಿ.

ಕೆಲಸ ಹುಡುಕುವ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಒಂಬತ್ತು ಕೆಲಸವನ್ನು ಒಂದರ ಕೆಳಗೊಂದು ಸುಮ್ಮನೆ ಬರೆಯಬೇಡಿ. ಕಾಡಿನ ಕೆಲಸ ಒಂದು ಕಡೆ, ಸಮೀಕ್ಷೆ ಒಂದು ಕಡೆ ಸೇರಿಸಿ. ಪ್ರತಿ ಸಾಲಿನಲ್ಲೂ ನೀವು ಸ್ವತಃ ಏನು ಮಾಡಿದಿರಿ, ಕೆಲಸ ಯಾಕೆ ನಿಂತಿತು ("ಮಳೆ ಶುರುವಾಯಿತು", "ಸರ್ವೆ ಮುಗಿಯಿತು"), ಯಾರು ಮತ್ತೆ ಕರೆದರು ಎಂದು ಬರೆಯಿರಿ. ತಮಿಳು, ಕನ್ನಡ ಎರಡೂ ಮಾತಾಡುತ್ತೀರಾದರೆ ಅದನ್ನೂ ಬರೆಯಿರಿ. ಗಡಿಯ ಈ ಊರುಗಳ ಮನೆ ಸಮೀಕ್ಷೆಗೆ ಅದು ದೊಡ್ಡ ಅರ್ಹತೆ. ಕೂಲಿ ಎಣಿಸಿಕೊಳ್ಳುವ ದಿನವೇ ಸೇರಿದ ತಾರೀಖು, ಬಿಟ್ಟ ತಾರೀಖು, ಮಾಡಿದ ಕೆಲಸ ಬರೆಸಿ ಸಹಿ ಹಾಕಿಸಿದ ಚೀಟಿ ಕೇಳಿ ಪಡೆಯಿರಿ. ತಂಡ ಊರು ಬಿಟ್ಟ ಮೇಲೆ ಅದು ಸಿಗುವುದು ಕಷ್ಟ.

ಕೆಲಸ ಕೊಡುವವರೇ, ಆ ಚೀಟಿಯನ್ನು ಅವರು ಕೇಳುವ ಮೊದಲೇ ಕೊಡಿ. ಈ ಬೇಸಿಗೆಗೆ ಆಳು ಹುಡುಕುವಾಗ ಪಕ್ಕಕ್ಕಿಟ್ಟ ಅರ್ಜಿಗಳನ್ನು ಇನ್ನೊಮ್ಮೆ ತೆಗೆದು, "ಯಾರು ಮತ್ತೆ ಕರೆದರು?" ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿ. ಕಾಡುದಾರಿಯಲ್ಲಿ ಪರೀಕ್ಷೆ ಮಾಡಿದ ದಿನದ ಕೂಲಿಯನ್ನು, ಆಯ್ಕೆಯಾದವನಿಗೂ ಆಗದವನಿಗೂ, ಅಂದೇ ಸಂಜೆ ಕೊಟ್ಟು ಕಳಿಸಿ.

— ಗೋಪಿನಾಥಂ ಸುತ್ತಿನ ಗುತ್ತಿಗೆ ಕೆಲಸಗಾರರ ಪರವಾಗಿ