ಕೌಂಟರ್ ಮೇಲಿನ ಫೋನ್‌ಗೆ ಬೀಗ, ಆದರೆ ಬೀಗದ ಕೈ ಎಲ್ಲಿದೆ?

ಪುಣೆಯ ವಾಕಡ್‌ನಲ್ಲಿ ನಾನು ದಿನಾ ಊಟ ಮಾಡುವ ಖಾನಾವಳಿ ವಿಜಯಪುರ ಕಡೆಯ ಒಂದು ಕುಟುಂಬದ್ದು. ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಿಗುವ ಜಾಗವದು. ಡಬ್ಬಿ ಬೇಕಾದವರು ಬೆಳಗ್ಗೆ ಹತ್ತರೊಳಗೆ ವಾಟ್ಸ್ಆ್ಯಪ್‌ನಲ್ಲಿ ತಿಳಿಸಬೇಕು. ಅದಕ್ಕೆಂದು ಇರುವುದು ಒಂದೇ ಫೋನ್. ಬೆಳಗ್ಗೆ ಅದು ಅಕ್ಕನ ಕೈಯಲ್ಲಿ, ಮಧ್ಯಾಹ್ನ ಡಬ್ಬಿ ಕೊಡುವ ಹುಡುಗನ ಕೈಯಲ್ಲಿ, ರಾತ್ರಿ ಲೆಕ್ಕಕ್ಕೆ ಅಣ್ಣನ ಕೈಯಲ್ಲಿ. ನಾಲ್ಕಂಕಿಯ ಲಾಕ್ ಮೂವರಿಗೂ ಗೊತ್ತು.

ಒಂದು ಮಧ್ಯಾಹ್ನ ಆ ನಂಬರಿನಿಂದ ನನಗೆ ಸಂದೇಶ ಬಂತು: ತುರ್ತಾಗಿ ಐದು ಸಾವಿರ ಕಳಿಸಿ, ಸಂಜೆ ವಾಪಸ್ ಕೊಡುತ್ತೇನೆ. ಅಕ್ಕ ಹೀಗೆ ಹಿಂದಿಯಲ್ಲಿ ಬರೆಯುವವರಲ್ಲ. ಓಡಿ ಹೋದೆ. ಖಾತೆ ಆಗಲೇ ಕೈತಪ್ಪಿತ್ತು.

‘ತಮ್ಮಾ, ಕೇಳಿದ್ದು ನಮ್ಮ ಕಾಯಂ ಗಿರಾಕಿನ. ತಪ್ಪಿ ನಿಮ್ಮ ನಂಬರಿಗೆ ಆರಂಕಿ ಬಂದಾವು, ಹೇಳ್ರಿ ಅಂದ್ರಂತ. ಹುಡುಗ ಹೇಳಿಬಿಟ್ಟಾನ’ ಎಂದರು ಅಕ್ಕ. ಆ ಗಿರಾಕಿಯ ಖಾತೆಯನ್ನೂ ಅದಕ್ಕೆ ಮೊದಲು ಹೀಗೇ ಕದ್ದಿದ್ದರು. ಪರಿಚಿತ ಹೆಸರು, ಪರಿಚಿತ ಫೋಟೊ. ಊಟದ ಹೊತ್ತಿನ ಗಡಿಬಿಡಿ ಬೇರೆ. ಹುಡುಗನನ್ನು ಬೈಯುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಸಿಮ್ ನಮ್ಮಲ್ಲೇ ಇತ್ತು. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ನಂಬರನ್ನು ಮತ್ತೆ ನೋಂದಾಯಿಸಿ, ಎಸ್ಸೆಮ್ಮೆಸ್‌ನಲ್ಲಿ ಬಂದ ಆರಂಕಿಯನ್ನು ಹಾಕಿದೆವು. ಅಷ್ಟು ಮಾಡಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ಅವನ ಸಂದೇಶಗಳು ನಿಂತವು. ಆದರೆ ಪರದೆ ಇನ್ನೊಂದು ಪಿನ್ ಕೇಳಿತು. ಅದನ್ನು ನಾವು ಯಾವತ್ತೂ ಇಟ್ಟಿರಲಿಲ್ಲ. ಒಳಹೊಕ್ಕವನು ತಾನೇ ಎರಡು ಹಂತದ ಪಿನ್ ಇಟ್ಟು ಹೋಗಿದ್ದ. ಆ ಪಿನ್ ಗೊತ್ತಿಲ್ಲದಿದ್ದರೆ ಏಳು ದಿನ ಕಾಯಬೇಕು. ನಾವು ಇಟ್ಟುಕೊಳ್ಳದ ಬೀಗವನ್ನು ಕಳ್ಳ ನಮ್ಮ ಬಾಗಿಲಿಗೇ ಹಾಕಿದ್ದ.

ಆ ಏಳು ದಿನ ಖಾನಾವಳಿಗೆ ನಿಜವಾಗಿ ಹೊಡೆತ ಕೊಟ್ಟದ್ದು ಬೇರೆ ಸಂಗತಿ. ಬಹಳಷ್ಟು ಗಿರಾಕಿಗಳ ನಂಬರುಗಳನ್ನು ಯಾರೂ ಸೇವ್ ಮಾಡಿರಲಿಲ್ಲ. ಅವು ಚಾಟ್‌ನೊಳಗೆ ಮಾತ್ರ ಇದ್ದವು, ಚಾಟ್ ಮುಚ್ಚಿತ್ತು. ಸೇವ್ ಆಗಿದ್ದ ನಂಬರುಗಳೂ ಅಕ್ಕನ ಖಾತೆಯಲ್ಲಿರಲಿಲ್ಲ. ಫೋನ್ ತಂದ ದಿನ ಸೋದರಳಿಯ ತನ್ನ ಜಿಮೇಲ್ ಹಾಕಿಕೊಟ್ಟಿದ್ದ, ಅದರಲ್ಲಿದ್ದವು. ಅವನೀಗ ಊರಲ್ಲಿದ್ದಾನೆ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಆ ಫೋನ್ ಕೆಟ್ಟಿದ್ದರೆ ಅಷ್ಟೂ ವರ್ಷದ ಗಿರಾಕಿಗಳ ಪಟ್ಟಿ ಅದರ ಜೊತೆಗೇ ಹೋಗುತ್ತಿತ್ತು.

ಇಂಥದ್ದು ನಡೆದಾಗ ನಮ್ಮ ವೃತ್ತಿಯವರು ‘ಓಟಿಪಿ ಯಾರಿಗೂ ಹೇಳಬೇಡಿ, ಫೋನ್ ಯಾರಿಗೂ ಕೊಡಬೇಡಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ಮೂವರು ನಡೆಸುವ ಅಂಗಡಿಯಲ್ಲಿ ಫೋನ್ ಮೂವರ ಕೈಯಲ್ಲೂ ಇರಲೇಬೇಕು. ಅದು ಅಜಾಗರೂಕತೆಯಲ್ಲ, ವ್ಯಾಪಾರದ ರೀತಿ. ಹಂಚಿಕೊಂಡ ಫೋನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಫೋನ್ ಕೈಯಲ್ಲಿದ್ದವನಿಗೆ ಬೀಗದ ಜೊತೆ ಬೀಗದ ಕೈಯೂ ಸಿಗುತ್ತದೆಯೇ?

ವಾಟ್ಸ್ಆ್ಯಪ್‌ನ Settings, Account, Two-step verification ಎಂಬಲ್ಲಿ ಆರಂಕಿಯ ಪಿನ್ ಇಡಬಹುದು. ಅದು ಇದ್ದಿದ್ದರೆ ಹುಡುಗ ಎಸ್ಸೆಮ್ಮೆಸ್ ಅಂಕಿ ಹೇಳಿದ ಮೇಲೂ ಕಳ್ಳನಿಗೆ ಖಾತೆ ತೆರೆಯಲು ಆಗುತ್ತಿರಲಿಲ್ಲ. ಆದರೆ ಪಿನ್ ಮರೆತರೆ ಬೇಕಾಗುತ್ತದೆಂದು ಅಲ್ಲೇ ಒಂದು ಇಮೇಲ್ ಕೇಳುತ್ತದೆ. ಹೆಚ್ಚಿನವರು ಅದೇ ಫೋನಿನಲ್ಲಿ ತೆರೆದಿರುವ ಜಿಮೇಲ್ ಕೊಡುತ್ತಾರೆ. ಆಗ ಫೋನ್ ಹಿಡಿದ ಯಾರಾದರೂ ಪಿನ್ ತೆಗೆಸುವ ಕೊಂಡಿಯನ್ನು ಆ ಜಿಮೇಲ್‌ಗೇ ತರಿಸಿಕೊಳ್ಳಬಹುದು. ನಾವು ಕೊಟ್ಟದ್ದು ಪುಣೆಯಲ್ಲೇ ಓದುತ್ತಿರುವ ಅಕ್ಕನ ಮಗಳ ಇಮೇಲ್, ಅದು ಅಂಗಡಿಯ ಫೋನಿನಲ್ಲಿ ಇಲ್ಲ. ಪಿನ್ ಗೊತ್ತಿರುವುದು ಗಂಡ ಹೆಂಡತಿಗೆ ಮಾತ್ರ.

ಗೂಗಲ್ ಖಾತೆಗೂ ಇದೇ ಮಾತು. ಅಕ್ಕನ ಹೆಸರಲ್ಲಿ ಹೊಸ ಖಾತೆ ತೆರೆದು, ಫೋನಿನಲ್ಲಿದ್ದ ಹೆಸರುಗಳನ್ನು ಅದಕ್ಕೆ ಸರಿಸಿದೆವು. ಎರಡು ಹಂತದ ಲಾಗಿನ್ ಹಾಕಿದೆವು. ಆದರೆ ಎರಡನೇ ಹಂತದ ಅಂಕಿ ಅದೇ ಸಿಮ್‌ಗೆ ಬರುವುದಾದರೆ, ಫೋನ್ ಕಳೆದ ದಿನ ಅಕ್ಕನೇ ತಮ್ಮ ಖಾತೆಯ ಹೊರಗೆ ನಿಲ್ಲಬೇಕಾಗುತ್ತದೆ. ಅದಕ್ಕೆಂದೇ ಗೂಗಲ್ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಅವನ್ನು ಫೋನಿನಲ್ಲಿ ಫೋಟೊ ತೆಗೆದು ಇಡಬಾರದು. ಕಾಗದದ ಮೇಲೆ ಬರೆದು ಮನೆಯ ತಿಜೋರಿಯಲ್ಲಿಟ್ಟೆವು.

ವಾಟ್ಸ್ಆ್ಯಪ್ ಬ್ಯಾಕಪ್ ಈಗ ದಿನಾ ರಾತ್ರಿ ಇದೇ ಗೂಗಲ್ ಖಾತೆಗೆ ಹೋಗುತ್ತದೆ. ಹೊಸ ಫೋನಿನಲ್ಲಿ ಚಾಟ್ ಮರಳಿ ಬರಬೇಕಾದರೆ ಅದೇ ನಂಬರೂ ಅದೇ ಗೂಗಲ್ ಖಾತೆಯೂ ಬೇಕು. ಸೋದರಳಿಯನ ಖಾತೆಗೆ ಹೋಗುವ ಬ್ಯಾಕಪ್‌ನಿಂದ ಅಕ್ಕನಿಗೆ ಉಪಯೋಗವಿಲ್ಲ. ಬ್ಯಾಕಪ್‌ಗೆ ಬೇರೆ ಪಾಸ್‌ವರ್ಡ್ ಹಾಕುವ ಸೌಲಭ್ಯವೂ ಇದೆ. ಹಾಕಿದರೆ ಅದನ್ನೂ ಆ ಕಾಗದದಲ್ಲೇ ಬರೆದಿಡಿ. ಮರೆತರೆ ಆ ಬ್ಯಾಕಪ್ಪನ್ನು ಕಂಪನಿಯೂ ತೆರೆದು ಕೊಡಲಾರದು.

ಇನ್ನು ಡಬ್ಬಿ ಕೊಡುವ ಹುಡುಗ. ಅವನಿಗೆ ಬೇಕಾದದ್ದು ವಿಳಾಸ ಮತ್ತು ಆರ್ಡರ್, ಇಡೀ ಫೋನ್ ಅಲ್ಲ. Linked devices ಮೂಲಕ ಅವನ ಫೋನನ್ನೇ ಜೋಡಿಸಿದೆವು. ಹೀಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ನೋಂದಣಿಯ ಆರಂಕಿ ಬರುವುದು ಸಿಮ್ ಇರುವ ಫೋನಿಗೆ ಮಾತ್ರ. ಅದೀಗ ಅಂಗಡಿ ಬಿಟ್ಟು ಹೋಗುವುದಿಲ್ಲ. ಲಾಕ್ ಆದ ಪರದೆಯ ಮೇಲೆ ಸಂದೇಶದ ಒಳಗಿನದು ಕಾಣದಂತೆಯೂ ಮಾಡಿದೆವು. ಹುಡುಗ ಕೆಲಸ ಬಿಟ್ಟ ದಿನ ಅದೇ ಪಟ್ಟಿಯಲ್ಲಿ ಅವನ ಫೋನನ್ನು ಒತ್ತಿ ಲಾಗ್‌ಔಟ್ ಮಾಡಿದರೆ ಮುಗಿಯಿತು. ವಾರಕ್ಕೊಮ್ಮೆ ಆ ಪಟ್ಟಿ ತೆರೆದು ನೋಡುವುದನ್ನು ಅಣ್ಣ ರೂಢಿ ಮಾಡಿಕೊಂಡಿದ್ದಾರೆ. ಗುರುತಿಲ್ಲದ ಹೆಸರು ಅಲ್ಲಿದ್ದರೆ ಯಾರೋ ಕೂತು ಎಲ್ಲ ಓದುತ್ತಿದ್ದಾರೆಂದು ಅರ್ಥ.

ಇದಕ್ಕೂ ಮಿತಿ ಇದೆ. ಜೋಡಿಸಿದ ಫೋನಿನಲ್ಲಿ ಚಾಟ್‌ಗಳೆಲ್ಲ ಕಾಣುತ್ತವೆ. ಹುಡುಗ ಗಿರಾಕಿಗಳ ನಂಬರನ್ನು ಚೀಟಿಯಲ್ಲಿ ಬರೆದುಕೊಂಡರೆ ಯಾವ ಪಿನ್ನೂ ತಡೆಯದು. ಅಲ್ಲಿ ನಂಬಿಕೆಯೇ ಗತಿ. ಒಂಟಿಯಾಗಿರುವ ಹುಡುಗಿಯರೂ ಡಬ್ಬಿ ತರಿಸುತ್ತಾರೆ. ಅವರ ನಂಬರು, ಕೋಣೆಯ ವಿಳಾಸ ಎರಡೂ ಆ ಚಾಟ್‌ನಲ್ಲಿವೆ. ಅಕ್ಕನಿಗೆ ದುಡ್ಡಿಗಿಂತ ಹೆಚ್ಚು ಚಿಂತೆಯಾದದ್ದು ಇದೇ. ಹಳೆಯ ಗಿರಾಕಿಗಳ ಚಾಟ್‌ಗಳನ್ನು ಈಗ ತಿಂಗಳಿಗೊಮ್ಮೆ ಅಳಿಸುತ್ತಾರೆ.

ಆ ಸಂದೇಶ ನಂಬಿ ದುಡ್ಡು ಕಳಿಸಿದ್ದ ಇಬ್ಬರಿಗೆ ಆ ದಿನವೇ 1930ಕ್ಕೆ ಕರೆ ಮಾಡಲು ಹೇಳಿದೆವು. ಆ ದೂರು ತಡವಾದಷ್ಟೂ ದುಡ್ಡು ಬೇರೆ ಖಾತೆಗಳಿಗೆ ಸರಿದುಹೋಗುತ್ತದೆ.

ಊರಿನಲ್ಲಿ ನಿಮ್ಮ ಮನೆಯವರ ಅಂಗಡಿ, ಹೊಲಿಗೆ ಯಂತ್ರ, ಖಾನಾವಳಿ ಯಾವುದಿದ್ದರೂ ಈ ಸಲ ಹೋದಾಗ ಒಂದು ಪರೀಕ್ಷೆ ಮಾಡಿ. ಅವರ ಫೋನನ್ನು ಪಕ್ಕಕ್ಕಿಟ್ಟು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅವರ ಖಾತೆಯಿಂದ contacts.google.com ತೆರೆಯಲು ಹೇಳಿ. ಪಾಸ್‌ವರ್ಡ್ ಗೊತ್ತಿದ್ದು, ತಿಜೋರಿಯ ಕೋಡ್ ಹಾಕಿ, ಗಿರಾಕಿಗಳ ಹೆಸರು ಕಂಡರೆ ಸರಿ. ಕಾಣದಿದ್ದರೆ ಹಿಂತಿರುಗುವ ಬಸ್ಸನ್ನು ಒಂದು ದಿನ ಮುಂದೂಡಿ.