ಹೊಸ ಉದ್ಯಮಕ್ಕೆ ಕಾಲ ಕೂಡಿಬಂದಿದೆಯೆ?

ಮುಂದಿನ ಇಪ್ಪತ್ತು ವರ್ಷಗಳು ಹೀಗೆಯೇ ಇರುವುವೆಂದು ಯಾರೂ ಹೇಳಲಾರರು. ಆದುದರಿಂದ ಹೊಸ ಉದ್ಯಮಕ್ಕೆ ಕೈಹಾಕುವವರು ಭವಿಷ್ಯದ ಹಲವು ಚಿತ್ರಗಳನ್ನು ಕಲ್ಪಿಸಿಕೊಂಡು, ಅವೆಲ್ಲದರಲ್ಲಿಯೂ ನಿಲ್ಲುವ ಸಂಗತಿಯನ್ನು ಹುಡುಕಬೇಕೆಂದು ನಾವು ಭಾವಿಸುತ್ತೇವೆ. ವಿದ್ಯುತ್ ಕಾರಿನ ಕಥೆಯನ್ನೇ ನೋಡೋಣ.

1996ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಹೊರತಂದ ‘ಇವಿ1’ ಕಾರು ಸುಮಾರು 500 ಕಿಲೋಗ್ರಾಂ ತೂಕದ ಸೀಸ-ಆಮ್ಲ ಬ್ಯಾಟರಿಯನ್ನು ಹೊತ್ತು, ಒಮ್ಮೆ ತುಂಬಿದ ವಿದ್ಯುತ್ತಿನಿಂದ ನೂರು-ನೂರೈವತ್ತು ಕಿಲೋಮೀಟರು ಓಡುತ್ತಿತ್ತು. ಕ್ಯಾಲಿಫೋರ್ನಿಯದ ಹೊಗೆ ನಿಯಂತ್ರಣದ ಕಾನೂನು ಬಿಗಿಯಾಗಿಯೇ ಉಳಿಯುವ ಒಂದೇ ಭವಿಷ್ಯವನ್ನು ಅದು ನೆಚ್ಚಿತ್ತು. ಕಾನೂನು ಸಡಿಲಿತು, ಕಾರೂ ಮರೆಯಾಯಿತು.

2003ರಲ್ಲಿ ಟೆಸ್ಲಾ ಸಂಸ್ಥೆ ಹುಟ್ಟಿತು. ತೈಲದ ಬೆಲೆ ಏರಲಿ ಇಳಿಯಲಿ, ಕಾನೂನು ಬಿಗಿಯಾಗಲಿ ಸಡಿಲವಾಗಲಿ, ಲ್ಯಾಪ್‌ಟಾಪ್ ಕೊಳ್ಳುವವರ ಹಣದಿಂದ ಲಿಥಿಯಂ-ಅಯಾನು ಕೋಶಗಳು ಸುಧಾರಿಸುತ್ತಲೇ ಇರುತ್ತಿದ್ದುವು. ಅಂತಹ ಸುಮಾರು 6,800 ಕೋಶಗಳನ್ನು ಜೋಡಿಸಿದ 2008ರ ‘ರೋಡ್‌ಸ್ಟರ್’ ಕಾರು, ಸುಮಾರು 450 ಕಿಲೋಗ್ರಾಂ ಬ್ಯಾಟರಿಯಿಂದ 390 ಕಿಲೋಮೀಟರು ಓಡಬಲ್ಲುದಾಗಿತ್ತು. ಬೆಲೆ ಲಕ್ಷ ಡಾಲರಿನಷ್ಟಾದುದರಿಂದ ಮೊದಲು ಕೊಂಡವರು ಸಿರಿವಂತರು; ಅಗ್ಗದ ಕಾರಿಗೆ ಕಾಲವಿನ್ನೂ ಬಂದಿರಲಿಲ್ಲ.

ಆದುದರಿಂದ ಕೇಳಬೇಕಾದ ಪ್ರಶ್ನೆಯಿದು: ನಮ್ಮ ಉದ್ಯಮಕ್ಕೆ ಬೇಕಾದ ಮುಖ್ಯ ಭಾಗವನ್ನು ಸುಧಾರಿಸಲು ಬೇರೆ ಯಾರಾದರೂ ಇಂದೇ ಹಣ ತೆರುತ್ತಿರುವರೆ? ಇಲ್ಲವಾದರೆ ಕಾಲ ಕೂಡಿಬಂದಿಲ್ಲ. ಆ ಭಾಗವು ಎಲ್ಲರಿಗೂ ಅಗ್ಗವಾಗುವವರೆಗೆ ಕಾದರೆ, ಕಾಲ ಮೀರಿರುತ್ತದೆ.